ಫ್ಯಾಕ್ಟರಿ ಬಸ್ಸು ಹತ್ತುವ ಅಮ್ಮಂದಿರ ಮಕ್ಕಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ಮಕ್ಕಳೇ,

ಬೆಳಗ್ಗೆ ಏಳಕ್ಕೆ ಮುಂಚೆ ಬುತ್ತಿ ಕಟ್ಟಿಕೊಂಡು ಗೌರಿಬಿದನೂರಿನ ಫ್ಯಾಕ್ಟರಿ ಬಸ್ಸು ಹತ್ತುವ ಅಮ್ಮಂದಿರ ಮಕ್ಕಳು ನೀವು. ಚಿಕ್ಕಬಳ್ಳಾಪುರದಿಂದ ದೊಡ್ಡಬಳ್ಳಾಪುರದ ಅಪ್ಯಾರಲ್ ಪಾರ್ಕಿಗೆ ಹೋಗಿ ಕತ್ತಲಾದ ಮೇಲೆ ಮನೆ ಸೇರುವವರ ಮಕ್ಕಳು. ಚಿಂತಾಮಣಿ, ಶಿಡ್ಲಘಟ್ಟದ ಕಚೇರಿ, ಹಾಸ್ಟೆಲುಗಳಲ್ಲಿ ಏಜೆನ್ಸಿ ಮೂಲಕ ದುಡಿಯುವ ಅಪ್ಪಂದಿರ ಮಕ್ಕಳು. ಪಿಯುಸಿಯಲ್ಲೋ ಡಿಗ್ರಿಯಲ್ಲೋ ಇದ್ದೀರಿ. ಮನೆಯಲ್ಲಿ ಇಂಗ್ಲಿಷ್ ಅಕ್ಷರ ಓದಿ, ಫೋನಿಗೆ ಬಂದ ಓಟಿಪಿ ಹಾಕಬಲ್ಲವರು ನೀವೇ. ಅದಕ್ಕೇ ಈ ಪತ್ರ ನಿಮ್ಮ ಹೆಸರಿಗೆ. ಒಂದು ಭಾನುವಾರದ ಎರಡು ಗಂಟೆ, ಒಂದು ಹಳೆಯ ನೋಟ್‌ಬುಕ್ಕು, ಇಷ್ಟನ್ನು ನಿಮ್ಮಿಂದ ಕೇಳಲು ಬರೆಯುತ್ತಿದ್ದೇನೆ.

ನಾನು ಇಪ್ಪತ್ತೆರಡು ವರ್ಷ ಹೊಲಿಗೆ ಕಾರ್ಖಾನೆಗಳ ಟೈಮ್ ಆಫೀಸಿನಲ್ಲಿ ಗುಮಾಸ್ತನಾಗಿದ್ದವನು. ಹಾಜರಿ, ಸಂಬಳದ ಪಟ್ಟಿ, ಪಿಎಫ್, ಇಎಸ್‌ಐ, ಇವೇ ನನ್ನ ಕೆಲಸ. ನಿವೃತ್ತನಾದ ಮೇಲೆ ಚಿಕ್ಕಬಳ್ಳಾಪುರದ ಮನೆಯ ಜಗಲಿಯಲ್ಲಿ ಕೂತಿರುತ್ತೇನೆ. ಪಿಎಫ್ ವಿಷಯ ತಿಳಿದವರು ಅಂತ ಯಾರಾದರೂ ಬಂದು ಫೋನು ಮುಂದೆ ಹಿಡಿಯುತ್ತಾರೆ. ಬಂದವರೆಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಸಾರ್, ಎಷ್ಟು ಆಗಿದೆ?' ಕೆಳಗಿನ ಮೊತ್ತವನ್ನು ಓದಿ ಹೇಳಿದರೆ ಅವರಿಗೆ ಸಮಾಧಾನ. ಆ ಮೊತ್ತ ಎಷ್ಟಿರಬೇಕಿತ್ತು ಎಂದು ಕೇಳಿದವರನ್ನು ನಾನು ಬೆರಳಲ್ಲಿ ಎಣಿಸಬಲ್ಲೆ.

ಹಿಂದೆ ಕೇಳಿದ್ದರೂ ಉತ್ತರ ಸಿಗುತ್ತಿರಲಿಲ್ಲ ಬಿಡಿ. ವರ್ಷಕ್ಕೊಮ್ಮೆ ಪಿಎಫ್ ಕಚೇರಿಯಿಂದ ಫಾರಂ 23 ಎನ್ನುವ ಚೀಟಿ ಕಾರ್ಖಾನೆಗೆ ಬರುತ್ತಿತ್ತು. ವರ್ಷದ ಮೊದಲಿಗೆ ಎಷ್ಟಿತ್ತು, ವರ್ಷದಲ್ಲಿ ಎಷ್ಟು ಸೇರಿತು, ಬಡ್ಡಿ ಎಷ್ಟು, ಅಷ್ಟೇ ಅದರಲ್ಲಿ. ಯಾವ ತಿಂಗಳು ಕಟ್ಟಿದರು ಎನ್ನುವುದು ನಮ್ಮ ಬೀರುವಿನೊಳಗೆ ಇರುತ್ತಿತ್ತು. 2014ರಲ್ಲಿ ಹನ್ನೆರಡು ಅಂಕಿಯ ಯುಎಎನ್ ಬಂದ ಮೇಲೆ, ಒಂದೊಂದು ತಿಂಗಳನ್ನೂ ಒಂದೊಂದು ಸಾಲಾಗಿ ತೋರಿಸುವ ಪಾಸ್‌ಬುಕ್ ಕೆಲಸಗಾರರ ಕೈಗೇ ಸಿಗುವಂತಾಯಿತು. ಬೀರುವಿನ ಬಾಗಿಲು ತೆರೆದಿದೆ, ಒಳಗೆ ನೋಡುವವರು ಕಡಿಮೆ.

ನೋಡಿದವರೂ ಮೋಸ ಹೋಗುವುದು ಒಂದು ಕಾರಣಕ್ಕೆ. ಪಾಸ್‌ಬುಕ್ಕಿನಲ್ಲಿ ಕಟ್ಟಿದ ತಿಂಗಳಿಗೆ ಸಾಲು ಇರುತ್ತದೆ. ಕಟ್ಟದ ತಿಂಗಳಿಗೆ ಖಾಲಿ ಸಾಲೂ ಇರುವುದಿಲ್ಲ, ಸೊನ್ನೆಯೂ ಇರುವುದಿಲ್ಲ, ಕೆಂಪು ಗುರುತೂ ಇರುವುದಿಲ್ಲ. ಜುಲೈ ಆದ ಮೇಲೆ ನೇರ ಅಕ್ಟೋಬರ್ ಬಂದು ಕೂತಿರುತ್ತದೆ, ನಡುವೆ ಏನೂ ಆಗಿಲ್ಲವೆಂಬಂತೆ. ಕಣ್ಣು ಒಂದು ಸಾಲಿನಿಂದ ಮುಂದಿನ ಸಾಲಿಗೆ ಜಾರಿಬಿಡುತ್ತದೆ. ಹಾಗಾಗಿ ಪಾಸ್‌ಬುಕ್ ತೆರೆಯುವ ಮೊದಲೇ ತಿಂಗಳುಗಳ ಪಟ್ಟಿಯನ್ನು ನೀವೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಬೇಕು. ಅಮ್ಮ ಕೆಲಸಕ್ಕೆ ಸೇರಿದ ತಿಂಗಳಿನಿಂದ ಇವತ್ತಿನವರೆಗೆ, ಸಾಲಿಗೊಂದು ತಿಂಗಳು, ಒಂದನ್ನೂ ಬಿಡದೆ. ಬಳಿಕ ಪಾಸ್‌ಬುಕ್ಕಿನ ಒಂದೊಂದು ಸಾಲನ್ನೂ ಅದರೆದುರಿಗೆ ಇಳಿಸಬೇಕು. ಎಲ್ಲಿ ಏನೂ ಇಳಿಯಲಿಲ್ಲವೋ ಅಲ್ಲಿ ನಿಮ್ಮ ಪ್ರಶ್ನೆ ಇದೆ.

ಪಾಸ್‌ಬುಕ್ ಇರುವುದು passbook.epfindia.gov.in ಎಂಬ ವಿಳಾಸದಲ್ಲಿ. ಉಮಂಗ್ ಆ್ಯಪ್‌ನಲ್ಲೂ ಸಿಗುತ್ತದೆ. ಅಮ್ಮನ ಯುಎಎನ್, ಪಾಸ್‌ವರ್ಡ್, ಅಮ್ಮನ ಫೋನಿಗೆ ಬರುವ ಓಟಿಪಿ ಬೇಕು. ಸೈಬರ್ ಸೆಂಟರಿನವನ ಕೈಗೆ ಪಾಸ್‌ವರ್ಡ್ ಕೊಟ್ಟು ಬರಬೇಡಿ. ಎಷ್ಟೋ ಜನರ ಖಾತೆಗೆ ಜೋಡಿಸಿದ ಫೋನ್ ನಂಬರು ಇನ್ನೊಬ್ಬರದಾಗಿರುವುದು ಹೀಗೆಯೇ. 9966044425ಕ್ಕೆ ಮಿಸ್ಡ್ ಕಾಲ್ ಕೊಟ್ಟರೆ ಮೆಸೇಜು ಬರುತ್ತದಲ್ಲ ಎನ್ನಬಹುದು. ಬರುತ್ತದೆ, ಕೊನೆಯ ವಂತಿಗೆ ಎಷ್ಟು, ಒಟ್ಟು ಎಷ್ಟು ಎಂದು. ಕೊನೆಯ ತಿಂಗಳು ಸರಿಯಾಗಿದ್ದರೆ ನಡುವಿನ ತೂತುಗಳು ಆ ಮೆಸೇಜಿನಲ್ಲಿ ಕಾಣುವುದಿಲ್ಲ. ಈಚೆಗೆ ಬಂದಿರುವ Passbook Lite ಕೂಡ ಸಾರಾಂಶವನ್ನಷ್ಟೇ ಕೊಡುತ್ತದೆ. ನಮಗೆ ಬೇಕಾದದ್ದು ವರ್ಷವಾರು ಪೂರ್ತಿ ಪಾಸ್‌ಬುಕ್.

ಒಂದು ಸಾಲು ಹೀಗಿರುತ್ತದೆ:

```
Mar-2023  14-04-2023  CR  Cont. For Due-Month 042023  12,000  12,000  1,440  440  1,000
```

ಮೊದಲನೆಯದು ಯಾವ ತಿಂಗಳ ಸಂಬಳಕ್ಕೆ ಸೇರಿದ ಹಣ ಎನ್ನುವುದು. ಎರಡನೆಯದು ಜಮೆಯ ತಾರೀಖು. CR ಅಂದರೆ ಜಮೆ. ಆಮೇಲಿನ ಎರಡು 12,000ಗಳು ಪಿಎಫ್‌ಗೂ ಪಿಂಚಣಿಗೂ ಲೆಕ್ಕ ಹಿಡಿದ ಸಂಬಳ. ಕೊನೆಯ ಮೂರು ಅಂಕಿಗಳಲ್ಲಿ 1,440 ಅಮ್ಮನ ಸಂಬಳದಿಂದ ಹಿಡಿದದ್ದು, ನೂರಕ್ಕೆ ಹನ್ನೆರಡರಂತೆ. ಮಾಲೀಕರೂ ಅಷ್ಟೇ ಕೊಡಬೇಕು, ಆದರೆ ಅದು ಎರಡು ಕಡೆ ಒಡೆದುಹೋಗುತ್ತದೆ: ನೂರಕ್ಕೆ 8.33ರಷ್ಟು ಪಿಂಚಣಿಗೆ, ಉಳಿದದ್ದು ಪಿಎಫ್‌ಗೆ. 440ಕ್ಕೆ 1,000 ಕೂಡಿಸಿ, ಮತ್ತೆ ಅದೇ 1,440 ಬರುತ್ತದೆ. ಮಾಲೀಕರು ಕಡಿಮೆ ಕಟ್ಟಿದ್ದಾರೆ ಎಂದು ಜಗಳಕ್ಕೆ ಬರುವವರಲ್ಲಿ ಅರ್ಧ ಜನ 440ನ್ನು ಮಾತ್ರ ನೋಡಿ ಬಂದವರು.

ಇನ್ನು ನೋಡಿ, ಆ ಸಾಲಿನಲ್ಲಿ ಒಂದು ಸಿಕ್ಕು ಇದೆ. ಮಾರ್ಚ್ ತಿಂಗಳ ಸಂಬಳ, ಆದರೆ Due-Month ಎಂದು 042023, ಅಂದರೆ ಏಪ್ರಿಲ್. ತಪ್ಪೇನೂ ಇಲ್ಲ. ಮಾರ್ಚ್ ಸಂಬಳದ ಪಿಎಫ್ ಕಟ್ಟಲು ಏಪ್ರಿಲ್ 15ರವರೆಗೆ ಗಡುವು, ಆದ್ದರಿಂದ ಬಾಕಿಯಾಗುವ ತಿಂಗಳು ಏಪ್ರಿಲ್. ಇದೇ ಕಾರಣಕ್ಕೆ 2023-24ರ ಪಾಸ್‌ಬುಕ್ ಮಾರ್ಚ್ 2023ರ ಸಂಬಳದಿಂದ ಶುರುವಾಗಿ ಫೆಬ್ರುವರಿ 2024ರ ಸಂಬಳಕ್ಕೆ ಮುಗಿಯುತ್ತದೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಎಂದು ಹುಡುಕಿದರೆ ಕೊನೆಗೆ ಒಂದು ತಿಂಗಳು ಕಾಣೆಯಾದಂತೆ ತೋರುತ್ತದೆ. ಅದು ಮುಂದಿನ ವರ್ಷದ ಪಾಸ್‌ಬುಕ್ಕಿನ ಮೊದಲ ಸಾಲಿನಲ್ಲಿ ಕೂತಿರುತ್ತದೆ. ನಿಮ್ಮ ನೋಟ್‌ಬುಕ್ಕಿನಲ್ಲಿ ಸಂಬಳದ ತಿಂಗಳನ್ನೇ ಬರೆಯಿರಿ, Due-Month ಅನ್ನು ಮರೆತುಬಿಡಿ. ಸಂಬಳ ಚೀಟಿಯ ಮೇಲಿರುವುದೂ ಸಂಬಳದ ತಿಂಗಳೇ.

ಕಳೆದ ಬೇಸಿಗೆಯಲ್ಲಿ ಗೌರಿಬಿದನೂರಿನ ಕಡೆಯ ಒಬ್ಬ ಟೈಲರ್ ಅಕ್ಕ ಡಿಗ್ರಿ ಓದುವ ಮಗನ ಜೊತೆ ಬಂದಿದ್ದರು. ಮಗ ಚೂಟಿ. ನಾನು ಹೇಳಿದಂತೆ ಮಾರ್ಚ್ 2023ರಿಂದ ಫೆಬ್ರುವರಿ 2024ರವರೆಗೆ ಹನ್ನೆರಡು ತಿಂಗಳನ್ನು ಬರೆದುಕೊಂಡ. ಎದುರಿಗೆ ಮೂರು ಕಾಲಮ್ಮು ಎಳೆಸಿದೆ: ಸಂಬಳ ಚೀಟಿಯಲ್ಲಿ ಹಿಡಿದ ಪಿಎಫ್, ಪಾಸ್‌ಬುಕ್ಕಿನಲ್ಲಿ ಬಂದ ಪಿಎಫ್, ಜಮೆಯಾದ ತಾರೀಖು. ಅಕ್ಕ ಚೀಟಿಗಳನ್ನೆಲ್ಲ ಒಂದು ಅಗರಬತ್ತಿ ಡಬ್ಬಿಯಲ್ಲಿ ಜೋಪಾನ ಮಾಡಿದ್ದರು, ಒಂದೂ ಕಳೆದಿರಲಿಲ್ಲ. ಅವರ ಸಂಬಳ, ಡಿಎ ಸೇರಿ, 12,000. ತಿಂಗಳಿಗೆ ಹಿಡಿಯುತ್ತಿದ್ದದ್ದು 1,440.

ಮಾರ್ಚ್, ಏಪ್ರಿಲ್, ಮೇ ಸಂಬಳದ ಹಣ ಮುಂದಿನ ತಿಂಗಳ 14, 15ನೇ ತಾರೀಖಿಗೆ ಬಂದಿತ್ತು. ಸರಿ. ಜೂನ್ ಸಂಬಳದ್ದು ಜುಲೈ 15ರೊಳಗೆ ಬರಬೇಕಿತ್ತು, 28ಕ್ಕೆ ಬಂದಿತ್ತು. ಹದಿಮೂರು ದಿನ ತಡ. ಜುಲೈಯದ್ದು ಆಗಸ್ಟ್ 15ರೊಳಗೆ ಬರಬೇಕಿತ್ತು, ಬಂದದ್ದು ಅಕ್ಟೋಬರ್ 16ಕ್ಕೆ. ಅರವತ್ತೆರಡು ದಿನ. ಆಗಸ್ಟ್, ಸೆಪ್ಟೆಂಬರ್ ಎದುರಿಗೆ ಇಳಿಸಲು ಪಾಸ್‌ಬುಕ್ಕಿನಲ್ಲಿ ಸಾಲೇ ಇಲ್ಲ. ಅಕ್ಟೋಬರಿನಿಂದ ಮತ್ತೆ ಎಲ್ಲವೂ 15ರ ಒಳಗೆ. ಹುಡುಗ ಪೆನ್ನು ಹಿಡಿದು ಆ ಎರಡು ಖಾಲಿ ಜಾಗಗಳನ್ನೇ ನೋಡುತ್ತಾ ಕೂತ. ಅದೇ ಪಾಸ್‌ಬುಕ್ಕನ್ನು ಅವನು ಹಿಂದೆ ಮೂರು ಸಲ ನೋಡಿದ್ದನಂತೆ.

ಆಮೇಲೆ ಇನ್ನೊಂದು ತಪ್ಪು ಹಿಡಿದೆ ಎಂದು ಅವನಿಗೆ ಖುಷಿ. ಜನವರಿ 2024ರಲ್ಲಿ 1,440ರ ಜಾಗದಲ್ಲಿ 720 ಇತ್ತು. ಪಿಎಫ್ ಸಂಬಳವೂ 6,000. ಅರ್ಧ ನುಂಗಿದ್ದಾರೆ ಎಂದ. ಸಂಬಳ ಚೀಟಿ ತೆಗೆಸಿದೆ. ಅದರಲ್ಲೂ ಹಿಡಿದದ್ದು 720. ಅಕ್ಕನೇ ನೆನಪಿಸಿಕೊಂಡರು, ಮಗಳ ಬಾಣಂತನಕ್ಕೆ ಅರ್ಧ ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದರು. ಇಪ್ಪತ್ತಾರು ದಿನದಲ್ಲಿ ಹದಿಮೂರು ದಿನ ಕೆಲಸ, ಅರ್ಧ ಸಂಬಳ, ಅರ್ಧ ಪಿಎಫ್. ಚೀಟಿಯಲ್ಲಿ ಹಿಡಿದದ್ದೂ ಪಾಸ್‌ಬುಕ್ಕಿಗೆ ಬಂದದ್ದೂ ಒಂದೇ ಆಗಿದ್ದರೆ ಆ ತಿಂಗಳ ಬಗ್ಗೆ ದೂರಬೇಡಿ. ಹಾಗೆಯೇ 2020ರ ಮೇ, ಜೂನ್, ಜುಲೈ ಸಂಬಳದಲ್ಲಿ ಹನ್ನೆರಡರ ಬದಲು ಹತ್ತರಂತೆ ಕಟ್ಟಿರುವುದು ಕಂಡರೆ ಗಾಬರಿ ಬೇಡ. ಕೊರೊನಾ ಕಾಲದಲ್ಲಿ ಸರ್ಕಾರವೇ ಆ ಮೂರು ತಿಂಗಳಿಗೆ ದರ ಇಳಿಸಿತ್ತು.

ಆದರೆ ಆಗಸ್ಟ್, ಸೆಪ್ಟೆಂಬರ್ ಚೀಟಿಗಳಲ್ಲಿ 1,440 ಹಿಡಿದದ್ದು ಅಚ್ಚಾಗಿತ್ತು. ಅಂದರೆ ಅಕ್ಕನ ಕೈಯಿಂದ ಹೋದದ್ದು 2,880; ಮಾಲೀಕರ ಪಾಲು ಸೇರಿದರೆ ಬರಬೇಕಾದದ್ದು 5,760. ದೊಡ್ಡ ಮೊತ್ತವೇ ಎಂದು ಕೇಳಬೇಡಿ. ಪಿಂಚಣಿ ಸಿಗಬೇಕಾದರೆ ಹತ್ತು ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಮೇಲಿದ್ದರೆ ಒಂದು ವರ್ಷವೆಂದು ಹಿಡಿಯುತ್ತಾರೆ. ಮದುವೆ, ಬಾಣಂತನ, ಊರು ಬದಲು ಎಂದು ನಡುನಡುವೆ ಬಿಟ್ಟು ಸೇರುವ ಹೆಂಗಸರಿಗೆ ಒಂಬತ್ತೂವರೆ ವರ್ಷದ ಆ ಗೆರೆ ಮುಟ್ಟುವಾಗ ಎರಡು ತಿಂಗಳು ಎರಡು ತಿಂಗಳೇ. ಗೆರೆಯ ಈಚೆ ನಿಂತರೆ ಒಂದಿಷ್ಟು ಹಣ ವಾಪಸು ಕೊಟ್ಟು ಕಳಿಸುತ್ತಾರೆ, ಜೀವಮಾನದ ಪಿಂಚಣಿ ಇಲ್ಲ.

ಆ ಪುಟದಲ್ಲಿ ನನಗೆ ಹೆಚ್ಚು ಮಾತಾಡಿದ್ದು ಖಾಲಿ ಜಾಗಕ್ಕಿಂತ ಅದರ ಮೇಲಿನ ಎರಡು ತಾರೀಖುಗಳು. ಹದಿಮೂರು ದಿನ, ಅರವತ್ತೆರಡು ದಿನ, ಆಮೇಲೆ ಇಲ್ಲವೇ ಇಲ್ಲ. ಕಾರ್ಖಾನೆಯಲ್ಲಿ ಹಣ ಬತ್ತುವುದು ಹೀಗೆಯೇ. ಬಟ್ಟೆ ಕೊಂಡವರ ಪೇಮೆಂಟು ತಡವಾದರೆ ಮಾಲೀಕರು ಮೊದಲು ಸಂಬಳ ಕೊಡುತ್ತಾರೆ, ಯಾಕೆಂದರೆ ಸಂಬಳ ಬರದಿದ್ದರೆ ಲೈನ್ ನಿಂತುಹೋಗುತ್ತದೆ. ಕರೆಂಟು ಬಿಲ್ಲು ಕಟ್ಟುತ್ತಾರೆ. ಪಿಎಫ್ ಕಟ್ಟದಿದ್ದರೆ ಅವತ್ತು ಯಾರೂ ಕೇಳುವುದಿಲ್ಲ. ಜೂನ್ ಸಂಬಳದ ಹಣ ಜುಲೈ 28ಕ್ಕೆ ಬಂತು ಎನ್ನುವುದನ್ನು ಅವತ್ತೇ ಯಾರಾದರೂ ಬರೆದಿಟ್ಟುಕೊಂಡಿದ್ದರೆ ಆಗಸ್ಟಿನ ತೂತು ಬೀಳುವ ಮುಂಚೆ ಕೇಳಬಹುದಿತ್ತು. ತಡವಾದ ಹಣಕ್ಕೆ ಆಗ 1952ರ ಪಿಎಫ್ ಕಾಯ್ದೆಯಂತೆ ಮಾಲೀಕರು ವರ್ಷಕ್ಕೆ ನೂರಕ್ಕೆ ಹನ್ನೆರಡರ ಬಡ್ಡಿ ತೆರಬೇಕಿತ್ತು. ಅಕ್ಕನ ಜುಲೈ ತಿಂಗಳ 2,880ಕ್ಕೆ ಅರವತ್ತೆರಡು ದಿನದ ಆ ಬಡ್ಡಿ ಐವತ್ತೊಂಬತ್ತು ರೂಪಾಯಿ. ಅದು ಪಿಎಫ್ ಸಂಸ್ಥೆಗೆ ಸೇರುತ್ತದೆಯೇ ಹೊರತು ಅಕ್ಕನ ಕೈಗೆ ಬರುವುದಿಲ್ಲ. ತಡವನ್ನು ಬರೆದಿಡಿ ಎಂದು ನಾನು ಹೇಳುವುದು ಆ ಐವತ್ತೊಂಬತ್ತಕ್ಕಾಗಿ ಅಲ್ಲ ಎಂದು ತಿಳಿಯಲಿ ಎಂದು ಈ ಲೆಕ್ಕ ಕೊಟ್ಟೆ.

ಈಗ ನನ್ನ ಕಥೆ ಹೇಳಿಬಿಡುತ್ತೇನೆ. ಸುಮಾರು ನೂರಮೂವತ್ತು ಜನರಿದ್ದ ಒಂದು ಸಣ್ಣ ಯೂನಿಟ್ಟಿನಲ್ಲಿದ್ದೆ. ಪಿಎಫ್ ಕಟ್ಟಲು ನಾವು ಪ್ರತಿ ತಿಂಗಳು ಇಸಿಆರ್ ಎನ್ನುವ ಪಟ್ಟಿಯನ್ನು ಕಂಪ್ಯೂಟರಿನಲ್ಲಿ ಏರಿಸುತ್ತೇವೆ. ಒಬ್ಬರಿಗೆ ಒಂದು ಸಾಲು:

```
UAN#~#NAME#~#12000#~#12000#~#12000#~#12000#~#1440#~#1000#~#440#~#0#~#0
```

ಎಷ್ಟು ಸಾಲು ಇದೆಯೋ ಅಷ್ಟಕ್ಕೆ ಚಲನ್ ಹುಟ್ಟುತ್ತದೆ. ಒಂದು ತಿಂಗಳು ಮಾಲೀಕರು ಕರೆದು, ದುಡ್ಡು ಕಡಿಮೆ ಇದೆ, ಈ ಸಲ ಎಂಬತ್ತು ಜನದ್ದು ಕಟ್ಟು, ಮಿಕ್ಕವರದ್ದು ಮುಂದಿನ ವಾರ ಎಂದರು. ಯಾವ ಎಂಬತ್ತು ಎಂದು ಅವರು ಹೇಳಲಿಲ್ಲ. ನಾನೇ ಆರಿಸಿದೆ. ಸೂಪರ್‌ವೈಸರುಗಳು, ಯೂನಿಯನ್ನಿನ ಪರಿಚಯ ಇದ್ದವರು, ಮೇಜಿನ ಮುಂದೆ ನಿಂತು ಕೇಳುವ ಹಳಬರು, ಇವರನ್ನೆಲ್ಲ ಇಟ್ಟುಕೊಂಡೆ. ಹೆಲ್ಪರುಗಳು, ಹೊಸದಾಗಿ ಸೇರಿದವರು, ದಾರ ಕತ್ತರಿಸುವ ಹುಡುಗಿಯರು, ಯಾವತ್ತೂ ಏನೂ ಕೇಳದವರು, ಅವರ ಸಾಲುಗಳನ್ನು ಅಳಿಸಿದೆ. ಒಂದು ಸಾಲು ಅಳಿಸಲು ಒಂದು ಕೀ ಒತ್ತಿದರೆ ಸಾಕು. ಆ ತಿಂಗಳಿನದು ಆಮೇಲೆ ಪೂರಕ ಪಟ್ಟಿಯಲ್ಲಿ ಹೋಯಿತು. ಮುಂದಿನ ಸಲ ಮತ್ತೆ ಹಾಗೇ ಆಯಿತು. ಆ ಸಲದ್ದು ಹೋಗಲೇ ಇಲ್ಲ. ಅಷ್ಟರಲ್ಲಿ ಯೂನಿಟ್ಟು ಬಾಗಿಲು ಹಾಕಿತು. ಸಂಬಳದಿಂದ ಪಿಎಫ್ ಎಂದು ಹಿಡಿದು ಕಟ್ಟದೇ ಇರುವುದನ್ನು ಹಳೆಯ ದಂಡ ಸಂಹಿತೆ ನಂಬಿಕೆ ದ್ರೋಹ ಎಂದೇ ಕರೆದಿತ್ತು, ಈಗಿನ ನ್ಯಾಯ ಸಂಹಿತೆಯೂ ಅದನ್ನೇ ಹೇಳುತ್ತದೆ. ಕಾನೂನು ಹಿಡಿಯುವುದು ಮಾಲೀಕರನ್ನು. ಪಟ್ಟಿ ಆರಿಸಿದ ಕೈ ನನ್ನದು.

ಇದನ್ನು ಯಾಕೆ ಹೇಳಿದೆ ಎಂದರೆ, ತಿಂಗಳು ಕಾಣೆಯಾಗುವುದರಲ್ಲೂ ಬಗೆ ಇದೆ. ಯಾರದ್ದೂ ಕಟ್ಟಿಲ್ಲದೇ ಇರಬಹುದು. ಉಳಿದವರದ್ದು ಕಟ್ಟಿ ನಿಮ್ಮ ಅಮ್ಮನ ಸಾಲು ಮಾತ್ರ ಬಿಟ್ಟಿರಬಹುದು. ಕಟ್ಟಿದ್ದರೂ ಬೇರೆ ಕಡೆ ಹೋಗಿ ಕೂತಿರಬಹುದು. ಯಾವುದು ಎಂದು ಗೊತ್ತಾಗದೆ ಕಾರ್ಖಾನೆಯ ಗೇಟಿಗೆ ಹೋದರೆ 'ಪೋಸ್ಟಿಂಗ್ ಆಗಿಲ್ಲಮ್ಮ, ಆಗುತ್ತೆ ಹೋಗಿ' ಎಂಬ ಒಂದೇ ಮಾತಿನಲ್ಲಿ ಕಳಿಸುತ್ತಾರೆ. ನಾನೂ ನೂರಾರು ಜನರನ್ನು ಹಾಗೆ ಕಳಿಸಿದ್ದೇನೆ.

ಮೂರನೆಯದನ್ನು ಮೊದಲು ತೀರಿಸಿಕೊಳ್ಳಿ, ಅದು ಮನೆಯಲ್ಲೇ ತೀರುತ್ತದೆ. ಪಾಸ್‌ಬುಕ್ಕಿನಲ್ಲಿ ಒಂದು ಯುಎಎನ್ ಕೆಳಗೆ ಒಂದಕ್ಕಿಂತ ಹೆಚ್ಚು ಮೆಂಬರ್ ಐಡಿ ಇರಬಹುದು. ಕೆಲಸ ಬದಲಿಸಿದಾಗಲೆಲ್ಲ ಹೊಸ ಐಡಿ. ಏಜೆನ್ಸಿ ಮೂಲಕ ಇರುವವರಿಗಂತೂ ಟೆಂಡರ್ ಬದಲಾದಾಗಲೆಲ್ಲ ಹೊಸ ಐಡಿ. ಕೂರುವ ಕುರ್ಚಿ ಅದೇ, ಗುಡಿಸುವ ವರಾಂಡ ಅದೇ, ಐಡಿ ಮಾತ್ರ ಬೇರೆ. ಹಾಗಾಗಿ ಎಲ್ಲ ಐಡಿಗಳನ್ನೂ ತೆರೆದು ತಿಂಗಳುಗಳನ್ನು ಒಂದೇ ಪಟ್ಟಿಗೆ ಇಳಿಸಿ. ಹಳೆಯ ಗುತ್ತಿಗೆದಾರ ಹೋಗಿ ಹೊಸಬ ಬರುವ ನಡುವಿನ ಒಂದೆರಡು ತಿಂಗಳನ್ನು ಹೆಚ್ಚು ಗಮನಿಸಿ, ಇಬ್ಬರೂ ಅದು ಇನ್ನೊಬ್ಬನದು ಎನ್ನುತ್ತಾರೆ. ತಡವಾಗಿ ಕಟ್ಟಿದ ತಿಂಗಳು ಕೆಲವೊಮ್ಮೆ ಕ್ರಮ ತಪ್ಪಿ ಕೂತಿರುತ್ತದೆ, ಮುಂದಿನ ವರ್ಷದ ಪುಟವನ್ನೂ ನೋಡಿ. ಕಳೆದ ಒಂದೆರಡು ತಿಂಗಳು ಕಾಣದಿದ್ದರೆ ಸ್ವಲ್ಪ ಕಾಯಿರಿ. ಕಟ್ಟಿದ ಹಣ ಪಾಸ್‌ಬುಕ್ಕಿಗೆ ಏರಲು ದಿನ ಹಿಡಿಯುತ್ತದೆ.

ಮೊದಲ ಎರಡನ್ನು ಬೇರ್ಪಡಿಸುವ ಉಪಾಯ ಕೆಲಸಗಾರರಿಗೆ ಬಹುತೇಕ ಗೊತ್ತೇ ಇಲ್ಲ. ಪಿಎಫ್ ಸಂಸ್ಥೆಯ ಜಾಲತಾಣದಲ್ಲಿ Establishment Search ಎಂದಿದೆ. ಅದಕ್ಕೆ ಪಾಸ್‌ವರ್ಡೂ ಬೇಡ, ಯುಎಎನ್ನೂ ಬೇಡ. ಕಾರ್ಖಾನೆಯ ಹೆಸರೋ ಕೋಡ್ ಸಂಖ್ಯೆಯೋ ಹಾಕಿ ಹುಡುಕಿ, ಸಿಕ್ಕ ಮೇಲೆ View Payment Details ಒತ್ತಿ. ಆ ಕಾರ್ಖಾನೆ ಯಾವ ತಿಂಗಳ ಸಂಬಳಕ್ಕೆ, ಯಾವ ತಾರೀಖು, ಎಷ್ಟು ಹಣ, ಎಷ್ಟು ಜನರಿಗೆ ಕಟ್ಟಿದೆ ಎಂಬುದೆಲ್ಲ ಸಾಲಾಗಿ ಬರುತ್ತದೆ. ಜನರ ಸಂಖ್ಯೆಯ ಮೇಲೆ ಒತ್ತಿದರೆ ಹೆಸರುಗಳೇ ತೆರೆದುಕೊಳ್ಳುತ್ತವೆ. ಕಾಣೆಯಾದ ತಿಂಗಳು ಈ ಪಟ್ಟಿಯಲ್ಲೂ ಇಲ್ಲದಿದ್ದರೆ ಯಾರದ್ದೂ ಕಟ್ಟಿಲ್ಲ. ತಿಂಗಳು ಇದ್ದು, ಜನರ ಸಂಖ್ಯೆ ಹಿಂದಿನ ಮುಂದಿನ ತಿಂಗಳಿಗಿಂತ ದಿಢೀರನೆ ಕುಸಿದಿದ್ದರೆ ನನ್ನಂಥವನೊಬ್ಬ ಅಲ್ಲಿ ಕೂತು ಕೀ ಒತ್ತಿದ್ದಾನೆ ಎಂದು ತಿಳಿಯಿರಿ. ಹೆಸರು ಇದ್ದೂ ಪಾಸ್‌ಬುಕ್ಕಿನಲ್ಲಿ ಸಾಲು ಇಲ್ಲದಿದ್ದರೆ ಯುಎಎನ್ ಗೋಜಲಾಗಿರಬಹುದು. ಅಮ್ಮನ ಹೆಸರಿನಲ್ಲಿ ಎರಡು ಯುಎಎನ್ ಹುಟ್ಟಿಕೊಂಡಿದೆಯೇ ಎಂದು ಚೀಟಿಗಳ ಮೇಲಿನ ಸಂಖ್ಯೆಗಳನ್ನು ಹೋಲಿಸಿ ನೋಡಿ.

ಟೈಲರ್ ಅಕ್ಕನ ಕಾರ್ಖಾನೆಯದ್ದನ್ನು ಅವರ ಮಗ ಅಲ್ಲೇ ಕೂತು ತೆಗೆದ. ಆಗಸ್ಟ್, ಸೆಪ್ಟೆಂಬರ್ ಸಂಬಳದ ಸಾಲು ಇರಲೇ ಇಲ್ಲ. ಇಡೀ ಕಾರ್ಖಾನೆಯದ್ದೇ ಕಟ್ಟಿರಲಿಲ್ಲ. ಆ ಕ್ಷಣಕ್ಕೆ ಅಕ್ಕನ ಮುಖದಲ್ಲಿ ಒಂದು ಬಗೆಯ ನೆಮ್ಮದಿ ಕಂಡೆ, ತಪ್ಪು ತನ್ನ ಕಾಗದದಲ್ಲಿ ಇಲ್ಲ ಎಂದು. ಮರುದಿನ ಆರು ಜನ ಹೆಂಗಸರು ಒಟ್ಟಿಗೆ ಎಚ್‌ಆರ್ ಬಳಿ ಹೋದರು. ಪೋಸ್ಟಿಂಗ್ ಎಂಬ ಮಾತು ಅವತ್ತು ನಡೆಯಲಿಲ್ಲ.

ಶಿಡ್ಲಘಟ್ಟದ ಮಕ್ಕಳಿಗೆ ಒಂದು ಮಾತು ಪ್ರತ್ಯೇಕವಾಗಿ. ನಿಮ್ಮ ಮನೆಯವರು ರೀಲಿಂಗ್ ಶೆಡ್ಡಿನಲ್ಲಿ ಐದಾರು ಜನರ ನಡುವೆ ನೂಲು ತೆಗೆಯುವವರಾದರೆ ಈ ಪತ್ರದ ಬಹುಭಾಗ ನಿಮಗೆ ತಾಗುವುದಿಲ್ಲ. ಪಿಎಫ್ ಕಾನೂನು ಹಿಡಿಯುವುದು ಇಪ್ಪತ್ತು ಜನ ಅಥವಾ ಅದಕ್ಕೆ ಹೆಚ್ಚು ಇರುವ ಕಡೆ. ಅಲ್ಲಿ ಯಾರಾದರೂ ಪಿಎಫ್ ಎಂದು ಹೇಳಿ ಕೂಲಿ ಹಿಡಿಯುತ್ತಿದ್ದರೆ ಯುಎಎನ್ ಕೇಳಿ. ಯುಎಎನ್ ಇಲ್ಲದೆ ಹಿಡಿದ ಹಣ ಎಲ್ಲಿಗೂ ಹೋಗುತ್ತಿಲ್ಲ. ಏಜೆನ್ಸಿ ಮೂಲಕ ಕಚೇರಿಗಳಲ್ಲಿ ಇರುವವರು ನೆನಪಿಡಿ: ಗುತ್ತಿಗೆದಾರ ಕಟ್ಟದಿದ್ದರೆ ಕೆಲಸ ಮಾಡಿಸಿಕೊಂಡ ಮೂಲ ಸಂಸ್ಥೆಗೂ ಹೊಣೆ ಇದೆ. ಆದ್ದರಿಂದ ನಿಮ್ಮ ಪಟ್ಟಿಯ ಒಂದು ಪ್ರತಿ ಗುತ್ತಿಗೆದಾರನಿಗೆ, ಇನ್ನೊಂದು ಆ ಕಚೇರಿಯ ಮುಖ್ಯಸ್ಥರಿಗೆ ಹೋಗಲಿ.

ಪಟ್ಟಿ ಕೈಯಲ್ಲಿದ್ದರೆ ಮುಂದಿನದು ಕಷ್ಟವಿಲ್ಲ. ಮೊದಲು ಕಾರ್ಖಾನೆಗೆ ಒಂದು ಬಿಳಿ ಹಾಳೆಯಲ್ಲಿ ಬರೆದುಕೊಡಿ: ಯುಎಎನ್, ಮೆಂಬರ್ ಐಡಿ, ಯಾವ ಯಾವ ತಿಂಗಳು, ಚೀಟಿಯಲ್ಲಿ ಹಿಡಿದದ್ದು ಎಷ್ಟು. ಇನ್ನೊಂದು ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ಬೈಗುಳ ಬೇಡ, ದಾವೆಯ ಬೆದರಿಕೆ ಬೇಡ. ತಿಂಗಳುಗಳ ಹೆಸರು ಸಾಕು, ಅದಕ್ಕೇ ಅವರು ಹೆದರುತ್ತಾರೆ. ಹದಿನೈದು ದಿನದಲ್ಲಿ ಉತ್ತರ ಬಾರದಿದ್ದರೆ epfigms.gov.in ಎಂಬಲ್ಲಿ ದೂರು ಹಾಕಿ, ಚೀಟಿಗಳ ಫೋಟೊ ಲಗತ್ತಿಸಿ, ಬರುವ ದೂರಿನ ಸಂಖ್ಯೆಯನ್ನು ಅದೇ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. 'ನಮ್ಮ ಪಿಎಫ್ ಸರಿಯಾಗಿ ಬರುತ್ತಿಲ್ಲ' ಎಂದು ಬರೆದರೆ ಆ ದೂರು ಒಂದು ಸಾಲಿನ ಉತ್ತರದೊಂದಿಗೆ ಮುಚ್ಚಿಹೋಗಬಹುದು. 'ಆಗಸ್ಟ್ 2023, ಸೆಪ್ಟೆಂಬರ್ 2023ರ ಸಂಬಳದಿಂದ ತಲಾ 1,440 ಹಿಡಿದಿದ್ದಾರೆ, ಪಾಸ್‌ಬುಕ್ಕಿನಲ್ಲಿ ಇಲ್ಲ, ಕಾರ್ಖಾನೆಯ ಪಾವತಿ ಪಟ್ಟಿಯಲ್ಲೂ ಇಲ್ಲ' ಎಂದು ಬರೆದರೆ ಮುಚ್ಚುವುದು ಕಷ್ಟ. ಆನ್‌ಲೈನ್ ಒಗ್ಗದಿದ್ದರೆ ಪಿಎಫ್ ಸಂಸ್ಥೆಯವರು ತಿಂಗಳ 27ನೇ ತಾರೀಖು ಜಿಲ್ಲೆ ಜಿಲ್ಲೆಯಲ್ಲೂ 'ನಿಧಿ ಆಪ್ಕೆ ನಿಕಟ್' ಎಂಬ ಶಿಬಿರ ನಡೆಸುತ್ತಾರೆ, ರಜೆ ಇದ್ದರೆ ಮುಂದಿನ ಕೆಲಸದ ದಿನ. ನಮ್ಮ ಜಿಲ್ಲೆಯಲ್ಲಿ ಆ ತಿಂಗಳು ಎಲ್ಲಿ ಎಂದು ಮೊದಲೇ ವಿಚಾರಿಸಿಕೊಂಡು ನೋಟ್‌ಬುಕ್ಕನ್ನೇ ಹಿಡಿದು ಹೋಗಿ.

ಒಂದನ್ನು ಮಾತ್ರ ಮುಂದೂಡಬೇಡಿ. ಕಾರ್ಖಾನೆಯ ಬಾಗಿಲು ತೆರೆದಿರುವಾಗಲೇ ಕೇಳಿ. ಓಡುವ ಕಾರ್ಖಾನೆಗೆ ಮುಂದಿನ ತಿಂಗಳೂ ಚಲನ್ ಕಟ್ಟುವ ಕೆಲಸ ಇರುತ್ತದೆ, ಅದರ ಬ್ಯಾಂಕ್ ಖಾತೆಯಲ್ಲಿ ಹಣ ಓಡಾಡುತ್ತಿರುತ್ತದೆ. ಬೀಗ ಬಿದ್ದ ಮೇಲೆ ಯಂತ್ರಗಳ ಮೇಲೆ ಬ್ಯಾಂಕಿನ ಸಾಲ, ಗೋಡೆಗಳ ಮೇಲೆ ನೋಟಿಸು. ಪಿಎಫ್ ಕಚೇರಿ ವಿಚಾರಣೆ ನಡೆಸಿ ಬಾಕಿ ಇಷ್ಟು ಎಂದು ಗೊತ್ತುಮಾಡಿದರೂ ವಸೂಲಿಗೆ ವರ್ಷಗಳು ಹಿಡಿಯಬಹುದು.

2016ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರಗಟ್ಟಲೆ ರಸ್ತೆಗಿಳಿದದ್ದು ನಿಮಗೆ ನೆನಪಿರಲಿಕ್ಕಿಲ್ಲ, ನೀವು ಚಿಕ್ಕವರು. ಮಾಲೀಕರ ಪಾಲಿನ ಪಿಎಫ್ ಹಣವನ್ನು ವಯಸ್ಸಾಗುವವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮದ ವಿರುದ್ಧ ಅದು. ಎರಡೇ ದಿನದಲ್ಲಿ ಕೇಂದ್ರ ಸರ್ಕಾರ ಆ ನಿಯಮವನ್ನು ವಾಪಸು ತೆಗೆದುಕೊಂಡಿತು. ಆ ಗುಂಪಿನಲ್ಲಿ ನಮ್ಮ ಕಡೆಯಿಂದ ಹೋಗಿ ಅಲ್ಲಿ ಬಾಡಿಗೆ ಮನೆ ಹಿಡಿದ ಹೆಂಗಸರೂ ಇದ್ದರು. ಖಾತೆಯಲ್ಲಿರುವ ಹಣ ತಮ್ಮದು ಎಂದು ಅವರಿಗೆ ಗೊತ್ತಿತ್ತು. ಖಾತೆಗೆ ಬರದೇ ಹೋದ ಹಣದ ಲೆಕ್ಕ ಅವರಲ್ಲಿ ಎಷ್ಟು ಜನರ ಬಳಿ ಇತ್ತೋ!

ಟೈಲರ್ ಅಕ್ಕನ ಆಗಸ್ಟ್ ತಿಂಗಳು ದೂರು ಹಾಕಿದ ಮೇಲೆ ಬಂತು. ಸೆಪ್ಟೆಂಬರ್ ಈ ಪತ್ರ ಬರೆಯುವ ಹೊತ್ತಿಗೆ ಇನ್ನೂ ಬಂದಿಲ್ಲ. ಅವರ ಮಗ ಪ್ರತಿ ತಿಂಗಳು 20ನೇ ತಾರೀಖಿಗೆ ಕಾರ್ಖಾನೆಯ ಪಾವತಿ ಪಟ್ಟಿ ತೆರೆದು ನೋಡುತ್ತಾನೆ, ಆ ತಿಂಗಳಿನದು ಬಂತೇ, ಯಾವ ತಾರೀಖಿಗೆ ಬಂತು ಎಂದು. ಲೈನಿನ ಇನ್ನೂ ಹದಿನೇಳು ಜನರ ಪಟ್ಟಿ ಈಗ ಅವನ ನೋಟ್‌ಬುಕ್ಕಿನಲ್ಲಿದೆ.

ನೀವೂ ಶುರುಮಾಡಿ. ಸೇರಿದಂದಿನಿಂದ ಬರೆಯಲು ಪುರುಸೊತ್ತಿಲ್ಲದಿದ್ದರೆ ಕಳೆದ ಎರಡು ವರ್ಷವಾದರೂ ಸಾಕು, ಇಪ್ಪತ್ತನಾಲ್ಕು ಸಾಲು. ಅಮ್ಮನ ಸಂಬಳ ಚೀಟಿ ಮನೆಗೆ ಬಂದ ದಿನವೇ ಅದರ ಫೋಟೊ ತೆಗೆದಿಡಿ. ಸಂಬಳ ಚೀಟಿಯನ್ನೇ ಕೊಡುತ್ತಿಲ್ಲ ಎಂದಾದರೆ ಅದನ್ನು ಮೊದಲು ಕೇಳಿ. ಯಾವ ಸಾಲು ಯಾವುದರದ್ದು ಎಂದು ತಿಳಿಯದಿದ್ದರೆ ನಮ್ಮ ಮನೆಗೆ ಬನ್ನಿ, ಭಾನುವಾರ ಸಂಜೆ ನಾನು ಜಗಲಿಯಲ್ಲೇ ಇರುತ್ತೇನೆ. ನಾನು ಅಳಿಸಿದ ಆ ಸಾಲುಗಳಲ್ಲಿ ನಿಮ್ಮ ಅಮ್ಮನದೂ ಒಂದಿದ್ದರೆ, ಆ ಕಾಲದ ಹಾಜರಿ, ಸಂಬಳದ ವಿವರಗಳನ್ನು ನೆನಪಿದ್ದಷ್ಟು ಬರೆದು ಸಹಿ ಮಾಡಿಕೊಡಲು ಸಿದ್ಧನಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಟೈಮ್ ಆಫೀಸ್ ಗುಮಾಸ್ತ
ಚಿಕ್ಕಬಳ್ಳಾಪುರ